VATSALYA: ಎಂಟು ಅಕ್ಷರ, ಏಳು ಸಂದು

ಮುಖಪುಟದವಳು: ನಮ್ಮ ಮಹಿಳಾ ಸಮಾಜದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಮುಖಪುಟ ಮಾಡ್ತಿದೀನಿ. ಮೇಲೆ VATSALYA ಅಂತ 96 ಪಾಯಿಂಟಿನ ದಪ್ಪ ಅಕ್ಷರ, ಅದರ ಕೆಳಗೆ ಅಷ್ಟೇ ದೊಡ್ಡದಾಗಿ ‘ವಾತ್ಸಲ್ಯ’. ಇಂಗ್ಲಿಷ್ ಸಾಲು ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತೆ. ಟ್ರ್ಯಾಕಿಂಗ್ ಇಳಿಸಿದರೆ ಬೇರೆ ಅಕ್ಷರಗಳು ಅಂಟಿಕೊಳ್ತವೆ. ಇದಕ್ಕೆ ಕರ್ನಿಂಗ್ ಮಾಡ್ಬೇಕು ಅಂತಾರೆ. ಯಾವ ಜೋಡಿಗಳನ್ನ, ಎಷ್ಟು? ಮಾಡಿದವರು ಹೇಳಿ.

ಬಿಳಿಹಾಳೆ: ಮೇಡಂ, ನೀವು ಆರಿಸಿಕೊಂಡಿರುವ ಪದದಲ್ಲೇ ಕಷ್ಟದ ಜೋಡಿಗಳೆಲ್ಲ ಸೇರಿಕೊಂಡಿವೆ: VA, AT, LY, YA. ಟ್ರ್ಯಾಕಿಂಗ್ ಇಳಿಸಿದಾಗ ಏಳು ಸಂದುಗಳೂ ಒಂದೇ ಅಳತೆಯಲ್ಲಿ ಕುಗ್ಗುತ್ತವೆ. ನಿಮ್ಮ ತೊಂದರೆ ಇರುವುದು ಮೂರು ನಾಲ್ಕು ಸಂದುಗಳಲ್ಲಿ ಮಾತ್ರ, ಹಾಗಾಗಿ ಅವು ಸರಿಹೋಗುವಷ್ಟರಲ್ಲಿ ಮಿಕ್ಕವು ಅಂಟಿಕೊಂಡಿರುತ್ತವೆ. ಒಂದೊಂದೇ ಸಂದಿಗೆ ಕೈ ಹಾಕುವುದು ಕರ್ನಿಂಗ್.

ಎಲ್ಲರೂ ಕಣ್ಣಿಗೆ ಹೊಡೆಯುವ ದೊಡ್ಡ ಸಂದಿನಿಂದ ಶುರುಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಈಗ ಮೊದಲು ಹುಡುಕುವುದು ಕುಗ್ಗಿಸಲಾಗದ ಸಂದನ್ನು. ನಿಮ್ಮ ಪದದಲ್ಲಿ ಅದು A ಮತ್ತು L ನಡುವಿನದು. A ತನ್ನ ಬಲಗಾಲನ್ನು ನೆಲದ ಮೇಲೆ ಚಾಚಿ ನಿಂತಿದೆ, ಅದರ ಪಕ್ಕದಲ್ಲೇ L ಕಂಬದ ಹಾಗೆ ನೆಟ್ಟಗಿದೆ. ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಡಲೇಬೇಕು, ಆದರೂ ಮೇಲೆ ಒಂದು ಬಿಳಿ ತ್ರಿಕೋನ ಉಳಿಯುತ್ತದೆ. ಅದನ್ನು ಹೋಗಲಾಡಿಸುವ ದಾರಿ ಇಲ್ಲ. ಆದ್ದರಿಂದ ಆ ತ್ರಿಕೋನದಲ್ಲಿ ಎಷ್ಟು ಬಿಳಿ ಇದೆಯೋ ಅಷ್ಟೇ ಬಿಳಿ ಮಿಕ್ಕ ಆರು ಸಂದುಗಳಲ್ಲೂ ಕಾಣಬೇಕು. ಅಂಚಿನಿಂದ ಅಂಚಿಗೆ ಸ್ಕೇಲ್ ಹಿಡಿಯಬೇಡಿ, ಎರಡು ಅಕ್ಷರಗಳ ನಡುವೆ ನೀರು ಸುರಿದರೆ ಎಷ್ಟು ಹಿಡಿಸುತ್ತದೆ ಎಂದು ನೋಡಿ.

ಒಂದು ದಪ್ಪ ಸ್ಯಾನ್ಸ್ ಫಾಂಟಿನಲ್ಲಿ ನಿಮ್ಮ ಪದವನ್ನು ನಾನೇ ಕೂಡಿಸಿ ನೋಡಿದೆ. ಇನ್‌ಡಿಸೈನಿನಲ್ಲಿ ಕರ್ನಿಂಗಿನ ಅಳತೆ ಅಕ್ಷರದ ಗಾತ್ರದ ಸಾವಿರದಲ್ಲೊಂದು ಪಾಲು. 96 ಪಾಯಿಂಟಿನಲ್ಲಿ 100 ಎಂದರೆ 9.6 ಪಾಯಿಂಟ್, ಸುಮಾರು 3.4 ಮಿಲಿಮೀಟರ್. ಮೊದಲು AL ಅನ್ನು −20ಕ್ಕೆ ನಿಲ್ಲಿಸಿದೆ, ಅದಕ್ಕಿಂತ ಕೆಳಗೆ ಹೋದರೆ A ಕಾಲು L ಕಂಬಕ್ಕೆ ತಾಗುತ್ತದೆ. LY ನಡುವೆ L ಪಾದದ ಮೇಲೆ ಒಂದು ಕೋಣೆಯಷ್ಟು ಬಿಳಿ ಇತ್ತು. Y ತೋಳನ್ನು ಆ ಪಾದದ ಮೇಲಕ್ಕೆ ಸರಿಸುತ್ತ ಹೋಗಿ −110ಕ್ಕೆ ನಿಂತೆ. YA −90, AT −80. TS ಮತ್ತು SA ಎರಡಕ್ಕೂ −15 ಸಾಕಾಯಿತು.

VA ಮಾತ್ರ ಉಲ್ಟಾ. ಫಾಂಟ್ ಮಾಡಿದವರೇ ಅದಕ್ಕೆ −70 ಇಟ್ಟಿದ್ದರು. ಎರಡು ಓರೆ ಗೆರೆಗಳು ಒಂದರ ಪಕ್ಕ ಒಂದು ಒರಗಿ ನಿಂತಾಗ ನಡುವೆ ಉಳಿಯುವುದು ಬರೀ ಒಂದು ಸೀಳು. AL ತ್ರಿಕೋನದ ಪಕ್ಕ ಅದು ತೀರಾ ಇಕ್ಕಟ್ಟಾಗಿ, ಪದದ ತಲೆಯಲ್ಲೇ ಕಪ್ಪು ಗಂಟು ಬಿದ್ದ ಹಾಗಿತ್ತು. ಅದನ್ನು −45ಕ್ಕೆ ಸಡಿಲಿಸಿದೆ. AV ಕಂಡ ಕೂಡಲೇ ಒತ್ತುವ ಅಭ್ಯಾಸ ಬಹಳ ಜನಕ್ಕಿದೆ, ಪಕ್ಕದ ಸಂದುಗಳನ್ನು ನೋಡದೆ ಒತ್ತಬೇಡಿ.

ನಿಮ್ಮ ಫಾಂಟ್ ಬೇರೆಯಾದರೆ ಈ ಅಂಕಿಗಳೂ ಬೇರೆಯಾಗುತ್ತವೆ. ಫಾಂಟ್, ಗಾತ್ರ, ಟ್ರ್ಯಾಕಿಂಗ್ ಮೂರೂ ಗಟ್ಟಿಯಾದ ಮೇಲೆ ಮಾತ್ರ ಕರ್ನಿಂಗಿಗೆ ಕೂರಿ. ಕೈಯಾರೆ ಕೊಟ್ಟ ಅಂಕಿಗಳು ಫಾಂಟ್ ಬದಲಿಸಿದರೂ ಅಲ್ಲೇ ಕೂತಿರುತ್ತವೆ. ಕೊನೇ ಗಳಿಗೆಯಲ್ಲಿ ಸಮಿತಿಯವರು ಬೇರೆ ಅಕ್ಷರ ಕೇಳಿದ್ದರಿಂದ ನನ್ನ ಒಂದು ಮುಖಪುಟ ಹೀಗೇ ಕೆಟ್ಟು ಅಚ್ಚಾಗಿದೆ.

ಬೇಗಮುಗಿಸು: ಒಂದೊಂದೇ ಸಂದು ಅಂದ್ರೆ ಸಂಚಿಕೆ ಮುಂದಿನ ಹಬ್ಬಕ್ಕೇ ಬರೋದು. ಪದ ಸೆಲೆಕ್ಟ್ ಮಾಡಿ, ಕರ್ನಿಂಗ್ ಪಟ್ಟಿಯಲ್ಲಿ ಮೆಟ್ರಿಕ್ಸ್ ತೆಗೆದು ಆಪ್ಟಿಕಲ್ ಹಾಕಿ. ಸಾಫ್ಟ್‌ವೇರೇ ಅಕ್ಷರದ ಆಕಾರ ನೋಡಿ ಜೋಡಿಸುತ್ತೆ. ಐದು ವರ್ಷದಿಂದ ನಾನು ಅದನ್ನೇ ಮಾಡ್ತಿರೋದು.

ಬಿಳಿಹಾಳೆ: ಫಾಂಟಿನೊಳಗೆ ಜೋಡಿಗಳ ಅಳತೆಯೇ ಇಲ್ಲದಿದ್ದಾಗ, ಅಥವಾ ಒಂದೇ ಪದದಲ್ಲಿ ಎರಡು ಫಾಂಟ್ ಸೇರಿದಾಗ ನೀವು ಹೇಳಿದ್ದೇ ಸರಿ, ಅಲ್ಲಿ ನಾನೂ ಆಪ್ಟಿಕಲ್ ಹಾಕುತ್ತೇನೆ. ಆದರೆ ಒಳ್ಳೆಯ ಫಾಂಟಿನಲ್ಲಿ ಅದು ವಿನ್ಯಾಸಕರು ಕೂತು ಇಟ್ಟ ಅಳತೆಗಳನ್ನೆಲ್ಲ ಬದಿಗಿಟ್ಟು ತನ್ನದೇ ಲೆಕ್ಕ ಹಾಕುತ್ತದೆ. ಕೈಬರಹದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಫಾಂಟಿಗೆ ಹಾಕಿ ನೋಡಿ, ಕೊಂಡಿಗಳು ಬಿಟ್ಟುಕೊಳ್ಳುವುದು ಕಾಣುತ್ತದೆ. ಎರಡನ್ನೂ ಹಾಕಿ ನೋಡಿ ಯಾವುದು ಕಡಿಮೆ ಕೆಲಸ ಉಳಿಸುತ್ತದೋ ಅಲ್ಲಿಂದ ಶುರುಮಾಡಬಹುದು. 96 ಪಾಯಿಂಟಿನಲ್ಲಿ ಎರಡರ ಮೇಲೂ ಕೈಕೆಲಸ ಇದ್ದೇ ಇರುತ್ತದೆ.

ಎರಡನೇ ಪುಟ: ನನಗೂ ಇದೇ ತೊಂದರೆ. ಸುದ್ದಿಯ ಕೊನೇ ಸಾಲಿನಲ್ಲಿ ಒಂದೇ ಪದ ಉಳಿದುಬಿಟ್ಟರೆ ಇಡೀ ಪ್ಯಾರಾ ಹಿಡಿದು ಟ್ರ್ಯಾಕಿಂಗ್ −10 ಮಾಡ್ತೀನಿ, ಪದ ಮೇಲಿನ ಸಾಲಿಗೆ ಹತ್ತುತ್ತೆ. −15 ದಾಟಿದರೆ ಆ ಪ್ಯಾರಾ ಮಾತ್ರ ಕಪ್ಪಗೆ ಕಾಣುತ್ತೆ ಅಂತ ಸಂಪಾದಕರು ಹಿಡೀತಾರೆ. ಮೇಡಂ, ನೀವೂ −10ಕ್ಕೆ ನಿಲ್ಲಿಸಿ.

ಮೊಳೆಮನೆ: ತಮ್ಮಾ, ಅವರು ಕೇಳಿದ್ದು ಶೀರ್ಷಿಕೆಯದ್ದು, ನೀನು ಹೇಳಿದ್ದು ಪ್ಯಾರಾದ್ದು. ಆದರೂ ಟ್ರ್ಯಾಕಿಂಗ್ ಅನ್ನೋದು ಯಾಕೆ ಬೇಕು ಅನ್ನೋದಕ್ಕೆ ನಿನ್ನ ಕೆಲಸವೇ ಒಳ್ಳೆ ಉದಾಹರಣೆ.

ನಾನು ಅಚ್ಚಿನ ಮೊಳೆ ಜೋಡಿಸಿದವನು. ಆಗ ಪ್ರತಿ ಮೊಳೆಗೂ ಸೀಸದ ಚೌಕ ಮೈ. A ಪಕ್ಕ V ಇಟ್ಟರೆ ಮೈಗೆ ಮೈ ತಾಗುತ್ತಿತ್ತು, ಮುಖಗಳ ನಡುವೆ ಮಾತ್ರ ಬಯಲು. ಅಕ್ಷರದ ಮುಖ ತನ್ನ ಮೈಯಿಂದ ಆಚೆ ಚಾಚಿಕೊಂಡ ಭಾಗಕ್ಕೇ ಇಂಗ್ಲಿಷಿನಲ್ಲಿ ಕರ್ನ್ ಅಂತಿದ್ದರು. ಓರೆ f ಮೊಳೆಗೆ ಹಾಗೆ ಚಾಚು ಇರುತ್ತಿತ್ತು, ಜೋರಾಗಿ ಒತ್ತಿದರೆ ಮುರಿದೇ ಹೋಗೋದು. ಪೋಸ್ಟರಿನ ಮರದ ಅಕ್ಷರಗಳಾದರೆ A, V, T ಪಕ್ಕದ ಮರವನ್ನ ಗರಗಸದಲ್ಲಿ ಕೊಯ್ದು ಒಂದರೊಳಗೊಂದು ಕೂರಿಸುತ್ತಿದ್ದೆವು. ಒಮ್ಮೆ ಕೊಯ್ದರೆ ಆ ಅಕ್ಷರ ಬೇರೆ ಪದಕ್ಕೆ ಬರುತ್ತಿರಲಿಲ್ಲ, ಅದಕ್ಕೇ ನಾಲ್ಕು ಸಲ ನೋಡಿ ಕೊಯ್ಯುತ್ತಿದ್ದೆವು. ನೋಡುವ ಕ್ರಮ ಈಗಲೂ ಅದೇ ಸಾಕು: ಸಾಲನ್ನು ತಲೆಕೆಳಗು ಮಾಡಿ ನೋಡು. ಪದ ಓದಲು ಬರೋದಿಲ್ಲ, ಬಿಳಿ ಮಾತ್ರ ಕಾಣುತ್ತೆ. ಆಮೇಲೆ ಮೂರೇ ಅಕ್ಷರ ಬಿಟ್ಟು ಉಳಿದದ್ದಕ್ಕೆ ಕಾಗದ ಮುಚ್ಚು. ನಡುವಿನ ಅಕ್ಷರ ಎರಡೂ ಕಡೆಯಿಂದ ಸಮ ದೂರದಲ್ಲಿದೆ ಅನಿಸಬೇಕು. ಒಂದೊಂದೇ ಅಕ್ಷರ ಸರಿಯುತ್ತ ಕೊನೆವರೆಗೆ ಹೋಗು.

ಫ್ಲೆಕ್ಸ್ ಅಂಗಡಿ: ನಮ್ಮದು ಕೋರೆಲ್ ಡ್ರಾ. F10 ಒತ್ತಿ ಶೇಪ್ ಟೂಲ್ ತಗೊಂಡರೆ ಪ್ರತಿ ಅಕ್ಷರದ ಕೆಳಗೆ ಒಂದು ಪುಟ್ಟ ಚೌಕ ಬರುತ್ತೆ, ಅದನ್ನ ಹಿಡಿದು ಎಳೆದರೆ ಕರ್ನಿಂಗ್. ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡೀರಿ, ಇಲ್ಲಾಂದ್ರೆ ಅಕ್ಷರ ಮೇಲೆ ಕೆಳಗೂ ಜಾರುತ್ತೆ. ಬಲ ತುದಿಯ ಬಾಣ ಎಳೆದರೆ ಇಡೀ ಸಾಲು ಹಿಗ್ಗುತ್ತೆ.

ಕನ್ನಡದ ಸಾಲಿಗೆ ಒಂದು ಎಚ್ಚರಿಕೆ. ಹಳೇ ನುಡಿ ಫಾಂಟಿನಲ್ಲಿ, ಅಂದ್ರೆ ಯೂನಿಕೋಡ್ ಅಲ್ಲದ್ದರಲ್ಲಿ, ‘ವಾತ್ಸಲ್ಯ’ ಮೂರು ಅಕ್ಷರ ಅಲ್ಲ, ಏಳು ತುಂಡು. ವ ಬೇರೆ, ದೀರ್ಘ ಬೇರೆ, ತ ಬೇರೆ, ಅದರ ತಲಕಟ್ಟು ಬೇರೆ, ಸ ಒತ್ತು, ಲ, ಯ ಒತ್ತು. ಟ್ರ್ಯಾಕಿಂಗ್ ಹಿಗ್ಗಿಸಿದರೆ ದೀರ್ಘ ವ ಬಿಟ್ಟು ಹೋಗುತ್ತೆ, ತಲಕಟ್ಟು ಗಾಳೀಲಿ ನಿಲ್ಲುತ್ತೆ. ಹೀಗೆ ಅಚ್ಚಾದ ಮದುವೆ ಬೋರ್ಡನ್ನ ನಾನೇ ವಾಪಸ್ ತಗೊಂಡಿದೀನಿ. ಯೂನಿಕೋಡ್ ಫಾಂಟಿನಲ್ಲಿ ಮಾಡಿ.

ಬಿಳಿಹಾಳೆ: ಯೂನಿಕೋಡಿನಲ್ಲಿ ಅಕ್ಷರ ಒಡೆಯುವುದಿಲ್ಲ, ಆದರೆ ಒತ್ತಿನ ಸಂದು ಉಳಿಯುತ್ತದೆ. ‘ತ್ಸ’ದಲ್ಲಿ ಸ ಒತ್ತು ಬಲಕ್ಕೆ, ಕೆಳಗೆ ಕೂರುತ್ತದೆ. ಎಷ್ಟೋ ಫಾಂಟುಗಳಲ್ಲಿ ಆ ಒತ್ತಿಗೂ ತನ್ನದೇ ಅಗಲ ಕೊಟ್ಟಿರುತ್ತಾರೆ, ಹಾಗಾಗಿ ಮುಂದಿನ ಲ ದೂರ ಹೋಗಿ ನಿಲ್ಲುತ್ತದೆ. ಕೆಳಗೆ ಒತ್ತು ತುಂಬಿಕೊಂಡಿದ್ದರೂ ಮೇಲೆ, ತ ಮತ್ತು ಲ ನಡುವೆ, ತೂತು. ಲ ಇರುವುದು ಗೆರೆಯ ಮೇಲೆ, ಒತ್ತು ಇರುವುದು ಗೆರೆಯ ಕೆಳಗೆ. ಆದ್ದರಿಂದ ಲ ಅನ್ನು ಒತ್ತಿನ ನೆತ್ತಿಯ ಮೇಲಕ್ಕೆ ಎಳೆದು ತರಬಹುದು. ಲ ಕೆಳಹೊಟ್ಟೆ ಒತ್ತಿಗೆ ತಾಗುವ ಮುಂಚೆ ನಿಲ್ಲಿಸಿ. ‘ಅಕ್ಕಪಕ್ಕ’, ‘ಉತ್ಸವ’ ಇಂಥ ಪದಗಳಿಗೆಲ್ಲ ಇದೇ ಕೈಕೆಲಸ.

ವೆಬ್ ಮಗ್ಗ: ವೆಬ್‌ಸೈಟಿಗೂ ಇದೇ ಶೀರ್ಷಿಕೆ ಹಾಕುವುದಾದರೆ, `letter-spacing` ಕೊಟ್ಟ ಜಾಗ ಅಕ್ಷರದ ನಂತರ ಸೇರುತ್ತದೆ. ಹಾಗಾಗಿ L ಒಂದನ್ನೇ ಸುತ್ತಿದರೆ Y ಹತ್ತಿರ ಬರುತ್ತದೆ.

```html
<h1>VATSA<span style="letter-spacing:-0.1em">L</span>YA</h1>
```

`em`ನಲ್ಲೇ ಕೊಡಿ, ಮೊಬೈಲಿನಲ್ಲಿ ಗಾತ್ರ ಇಳಿದಾಗ ಸಂದೂ ಜೊತೆಗೆ ಇಳಿಯುತ್ತದೆ. ಆದರೆ ಓದುಗರ ಫೋನಿನಲ್ಲಿ ನಿಮ್ಮ ಫಾಂಟ್ ಬಾರದೆ ಬೇರೆ ಫಾಂಟ್ ಬಂದರೆ L ಮತ್ತು Y ಒಂದರ ಮೇಲೊಂದು ಹತ್ತಬಹುದು. ನಾನಂತೂ ದೊಡ್ಡ ಶೀರ್ಷಿಕೆ ಇದ್ದರೆ ಚಿತ್ರವಾಗಿ, ಎಸ್‌ವಿಜಿಯಲ್ಲೇ ಹಾಕುತ್ತೇನೆ.

ಮುಖಪುಟದವಳು: ಎಲ್ಲರಿಗೂ ಧನ್ಯವಾದ. AL ಹಿಡಿದುಕೊಂಡು ಕೂತೆ. ನನ್ನ ಫಾಂಟಿನಲ್ಲಿ LY −85ಕ್ಕೇ ಸಾಕಾಯಿತು. ತಲೆಕೆಳಗು ಮಾಡಿ ನೋಡಿದಾಗ TS ಇಕ್ಕಟ್ಟು ಅಂತ ಗೊತ್ತಾಯಿತು, ನೆಟ್ಟಗಿದ್ದಾಗ ಕಂಡೇ ಇರಲಿಲ್ಲ. ಕನ್ನಡದಲ್ಲಿ ಲ ಎಳೆದ ಮೇಲೆ ಪದ ಒಂದಾಯಿತು. ಇನ್ನೆರಡು ಕೇಳಬೇಕಿತ್ತು. ಕೆಳಗೆ Silver Years 1999–2024 ಅಂತ ಒಂದು ಸಾಲು ಇದೆ, ಅದರಲ್ಲಿ 1 ಒಂಟಿಯಾಗಿ ನಿಂತಿದೆ. ಮತ್ತೆ, ದೊಡ್ಡಕ್ಷರದ ಸಾಲಿಗೆ ಒಟ್ಟಾರೆ ಸ್ವಲ್ಪ ಟ್ರ್ಯಾಕಿಂಗ್ ಹಿಗ್ಗಿಸಬೇಕು ಅಂತ ನಮ್ಮ ಅಚ್ಚಿನವರು ಹಟ ಮಾಡ್ತಿದಾರೆ.

ಬಿಳಿಹಾಳೆ: ಕೋಷ್ಟಕದಲ್ಲಿ ಸಾಲಾಗಿ ನಿಲ್ಲಲಿ ಎಂದು ಎಷ್ಟೋ ಫಾಂಟುಗಳಲ್ಲಿ ಎಲ್ಲ ಅಂಕಿಗಳಿಗೂ ಒಂದೇ ಅಗಲ ಇಟ್ಟಿರುತ್ತಾರೆ, 1 ಸಣಕಲಾದ್ದರಿಂದ ಎರಡೂ ಕಡೆ ಜಾಗ ಉಳಿಯುತ್ತದೆ. ಓಪನ್‌ಟೈಪ್ ಪಟ್ಟಿಯಲ್ಲಿ ಪ್ರೊಪೋರ್ಷನಲ್ ಅಂಕಿ ಇದ್ದರೆ ಆರಿಸಿ, ಇಲ್ಲದಿದ್ದರೆ 1 ಮತ್ತು 9ರ ನಡುವಿನ ಜಾಗವನ್ನು ಕೈಯಾರೆ ತಗ್ಗಿಸಿ. ಆ ಸಾಲಿನಲ್ಲಿ Yeಯನ್ನೂ ನೋಡಿ. ದೊಡ್ಡಕ್ಷರದ ಪಕ್ಕ ಸಣ್ಣಕ್ಷರ ಬಂದಾಗ To, Te, We, Yo ಎಲ್ಲವೂ ಬಾಯಿ ಬಿಡುತ್ತವೆ. P ಅಥವಾ r ಆದ ಮೇಲೆ ಬರುವ ಚುಕ್ಕೆಯೂ ಅಷ್ಟೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ಸಾಲು ಬಿಗಿದಾಗ rn ಸೇರಿ m ಆಗುತ್ತದೆ, Modern ಎಂದು ಹಾಕಿದ್ದು Modem ಎಂದು ಓದಿಸಿಕೊಳ್ಳುತ್ತದೆ. ಅಲ್ಲಿ ಬಿಡಿಸಬೇಕು.

ಟ್ರ್ಯಾಕಿಂಗ್ ವಿಚಾರದಲ್ಲಿ ನಾನು ಅವರ ಮಾತು ಒಪ್ಪಲಾರೆ. ಸಣ್ಣ ಗಾತ್ರದ ದೊಡ್ಡಕ್ಷರಗಳಿಗೆ +50ರವರೆಗೂ ಹಿಗ್ಗಿಸುತ್ತೇನೆ, 96 ಪಾಯಿಂಟಿನ ದಪ್ಪ ಅಕ್ಷರಕ್ಕೆ ಸೊನ್ನೆಯೇ ಚೆಂದ.

ಮೊಳೆಮನೆ: ನಾನು ಅಚ್ಚಿನವರ ಕಡೆ. +15 ಕೊಟ್ಟು ನೋಡಮ್ಮ, ಆ AL ತ್ರಿಕೋನ ಅಷ್ಟು ಎದ್ದು ಕಾಣೋದಿಲ್ಲ. ಎರಡನ್ನೂ ನಿಜ ಗಾತ್ರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಹತ್ತು ಅಡಿ ದೂರ ನಿಂತು ನೋಡಿ ಆರಿಸು.

ಮುಖಪುಟದವಳು: ಎರಡೂ ಅಂಟಿಸಿದೀನಿ ಸರ್. ನಾಳೆ ಸಮಾಜದವರು ಬರ್ತಾರೆ, ಅವರೇ ನೋಡಲಿ.