ಪದಚರ್ಚೆ: ಗ್ರಂಥಸಾಹಿಬ್‌ನ ‘ಮಹಲಾ 3’ ಅಂದ್ರೆ ಏನು?

ಸುಮಾ:
ಸಿಖ್ಖರ ಧರ್ಮಗ್ರಂಥ ಗುರು ಗ್ರಂಥಸಾಹಿಬ್‌ನಲ್ಲಿರುವ ಸೂಫಿ ಸಂತ ಶೇಖ್ ಫರೀದರ ಶ್ಲೋಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 12ನೆಯದರಲ್ಲಿ ಅವರು, ಕೂದಲು ಕಪ್ಪಗಿದ್ದಾಗ ದೇವರನ್ನು ನೆನೆಯದವರು ನರೆತ ಮೇಲೆ ನೆನೆಯುವುದು ಅಪರೂಪ ಅನ್ನುತ್ತಾರೆ. 13ನೆಯದರ ಮೇಲೆ ‘ಮಹಲಾ 3’ ಎಂದಿದೆ. ಆದರೆ ಒಳಗೆ ‘ಫರೀದಾ’ ಅಂತಲೇ ಇದೆ. ಇದು ಯಾರದು? ‘ಮಹಲಾ’ಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ವಾಸುದೇವ:
ನಮ್ಮ ಕಾವ್ಯಗಳ ‘ಸಂಧಿ’ ಇದ್ದ ಹಾಗೆ, ಮೂರನೇ ಅಧ್ಯಾಯ ಇರಬೇಕು. ಅಂಕಿ ಕ್ರಮವನ್ನು ತೋರಿಸುತ್ತದೆ ಅಲ್ವಾ?

ಗೀತಾ:
ಕ್ರಮ ಹೌದು, ಆದರೆ ಗುರುಗಳ ಕ್ರಮ. ಗ್ರಂಥದ ದೊಡ್ಡ ವಿಭಾಗಗಳು ರಾಗದ ಪ್ರಕಾರ ಇವೆ. ನಮ್ಮ ವಚನಕಾರರಿಗೆ ಬೇರೆ ಬೇರೆ ಅಂಕಿತ. ಗ್ರಂಥದಲ್ಲಿ ರಚನೆಗಳಿರುವ ಸಿಖ್ ಗುರುಗಳೆಲ್ಲ ‘ನಾನಕ’ ಎಂಬ ಒಂದೇ ಅಂಕಿತದಲ್ಲಿ ಬರೆದರು. ಯಾರ ರಚನೆ ಎಂದು ತಿಳಿಯಲು ಈ ಅಂಕಿ ಬೇಕು. ‘ಮಹಲಾ 3’ ಅಂದರೆ ಮೂರನೇ ಗುರು ಅಮರದಾಸ್. 13ನೆಯದು ಫರೀದರಿಗೆ ಅವರು ಕೊಟ್ಟ ಉತ್ತರ. ಕೂದಲು ಕಪ್ಪಿರಲಿ, ಬಿಳಿಯಿರಲಿ, ಮನಸ್ಸಿಟ್ಟು ನೆನೆದರೆ ಒಡೆಯ ಯಾವಾಗಲೂ ಇದ್ದಾನೆ ಅನ್ನುತ್ತಾರೆ. ‘ಫರೀದಾ’ ಎಂದು ಕರೆದು ಮಾತಾಡುತ್ತಿದ್ದಾರೆ, ಅಷ್ಟೆ.

1604ರಲ್ಲಿ ಐದನೇ ಗುರು ಅರ್ಜನ್ ಅಮೃತಸರದಲ್ಲಿ ಗ್ರಂಥವನ್ನು ಸಿದ್ಧಮಾಡಿದರು. ಬರೆದುಕೊಂಡವರು ಭಾಯಿ ಗುರುದಾಸ್. ಫರೀದರ ಮಾತನ್ನು ಅರ್ಜನರು ತಿದ್ದಲಿಲ್ಲ, ಬಿಡಲೂ ಇಲ್ಲ. ಪಕ್ಕದಲ್ಲೇ ಗುರುವಿನ ಮಾತನ್ನೂ ಇಟ್ಟರು. ಓದುವವರಿಗೆ ಎರಡೂ ಸಿಗುತ್ತವೆ. ನನಗೆ ತುಂಬ ಇಷ್ಟವಾದ ಸಂಗತಿ ಇದು.

ಎಲ್ಲ ಕಡೆ ಇಷ್ಟು ಸ್ಪಷ್ಟ ಇಲ್ಲ, ಸುಮಾ. 119ರಲ್ಲಿ ಫರೀದರು ಮೈ ಒಲೆಯಂತೆ ಕಾಯುತ್ತಿದೆ, ಎಲುಬೇ ಸೌದೆ ಅನ್ನುತ್ತಾರೆ. 120ರಲ್ಲಿ ‘ಮೈ ಕಾಯಿಸಬೇಡ, ತಲೆ ಕಾಲು ಏನು ತಪ್ಪು ಮಾಡಿವೆ? ಒಳಗೇ ನೋಡು’ ಎಂಬ ಉತ್ತರವಿದೆ. ಅಲ್ಲಿ ತಲೆಬರಹ ಇಲ್ಲ. ಇದೇ ಶ್ಲೋಕ ಗ್ರಂಥದ ಕೊನೆಯ ಭಾಗದಲ್ಲಿ ಚೂರು ಬದಲಾಗಿ ‘ಮಹಲಾ 1’ರ ಕೆಳಗೆ ಬರುವುದರಿಂದ ಮೊದಲ ಗುರು ನಾನಕರದು ಎಂದು ಗೊತ್ತಾಗುತ್ತದೆ.

ಮಲ್ಲಿಕಾರ್ಜುನ, ಬೀದರ್:
ನಮ್ಮ ನಾನಕ್ ಝೀರಾ ಗುರುದ್ವಾರಕ್ಕೆ ಆಗಾಗ ಹೋಗುತ್ತೇನೆ. ಪಂಢರಪುರದ ನಾಮದೇವರ ಪದಗಳೂ ಗ್ರಂಥದಲ್ಲಿವೆ. ಹಾಗಾದರೆ ಇವರೆಲ್ಲ ನಾನಕರ ಶಿಷ್ಯರಾಗಿದ್ದರೇ?

ಗೀತಾ:
ಇಲ್ಲ ಸರ್. ನಾನಕರು ಹುಟ್ಟಿದ್ದು 1469ರಲ್ಲಿ. ನಾಮದೇವರು, ಫರೀದರು ಅದಕ್ಕಿಂತ ಬಹಳ ಹಿಂದಿನವರು. ಕುಲ ನೋಡಿ ಆರಿಸಿದ್ದಲ್ಲ. ಒಬ್ಬನೇ ದೇವರು, ಒಳಗಿನ ಭಕ್ತಿ ಎಂಬ ಗುರುಗಳ ಮಾತಿಗೆ ಹೊಂದುವ ಪದಗಳನ್ನು ಸೇರಿಸಿದ್ದಾರೆ. ಹಾಗೆಂದು ಕುಲವನ್ನು ಮುಚ್ಚಿಟ್ಟಿಲ್ಲ. ತನ್ನದು ಚಮ್ಮಾರ ಜಾತಿ, ತನ್ನವರು ಬನಾರಸ್ ಸುತ್ತ ಸತ್ತ ದನ ಹೊರುತ್ತಾರೆ, ಈಗ ಬ್ರಾಹ್ಮಣರೇ ತನಗೆ ನಮಸ್ಕರಿಸುತ್ತಾರೆ ಎಂದು ಸಂತ ರವಿದಾಸರು ಹಾಡಿದ್ದು ಗ್ರಂಥದಲ್ಲಿ ಹಾಗೇ ಉಳಿದಿದೆ. ಜಾತಿಯಿಂದ ದೇವರು ಸಿಗುವುದಿಲ್ಲ ಎಂದು ಗುರುಗಳು ಹೇಳುತ್ತಿದ್ದುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕೆ?

ವಾಸುದೇವ:
ಹಾಗಾದರೆ ‘ಮೂರನೇ ಗುರು’ ಎಂದೇ ಬರೆದರಾಯಿತು.

ಗೀತಾ:
ನಾನಾದರೆ ‘ಮಹಲಾ’ ಉಳಿಸಿ ಅಡಿಟಿಪ್ಪಣಿ ಕೊಡುತ್ತಿದ್ದೆ. ಪದದ ಮೂಲದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ.

ಸುಮಾ:
ಉಳಿಸುತ್ತೇನೆ. ಇನ್ನೊಂದು ಗೊಂದಲ. ಈ ಶ್ಲೋಕಗಳು ಹಳೆಯ ಫರೀದರವಲ್ಲ, ನಾನಕರ ಕಾಲದಲ್ಲಿ ಫರೀದರ ಪೀಠದಲ್ಲಿದ್ದ ಶೇಖ್ ಇಬ್ರಾಹಿಂ ಅವರದು ಎಂಬ ವಾದವೂ ಇದೆ. ಮುನ್ನುಡಿಯಲ್ಲಿ ಯಾರ ಹೆಸರು ಹಾಕಲಿ?