ಅಪ್‌ಡೇಟ್: ಗರ್ಭಪಾತದ ಮಾತ್ರೆ ನಂತರವೂ ಟೆಸ್ಟ್ ಪಾಸಿಟಿವ್

ನನ್ನ ಪ್ರಶ್ನೆ: “ಡಾಕ್ಟರ್ ಕೊಟ್ಟ ಮಾತ್ರೆ ತಗೊಂಡು ಎರಡನೇ ವಾರ. ಇನ್ನೂ ಸ್ವಲ್ಪ ರಕ್ತ ಹೋಗ್ತೈತಿ, ಟೆಸ್ಟ್‌ನಾಗ ಎರಡು ಗೆರೆ. ಫೇಲ್ ಆತೇನು?”

ಇಲ್ರೀ, ಗರ್ಭಪಾತ ಆಗೇತಿ. “ಟೆಸ್ಟ್ ಬಿಡ್ರಿ, ಸ್ಕ್ಯಾನ್ ಮಾಡಿಸ್ರಿ” ಅಂದ ಅಕ್ಕಾರ ಮಾತು ಖರೆ ಆತು. ಹುಬ್ಬಳ್ಳಿಯೊಳಗ ಸ್ಕ್ಯಾನ್ ಮಾಡಿಸಿದ್ರ ಭ್ರೂಣದ ಚೀಲ ಇಲ್ಲ, ಒಂದಿಷ್ಟು ಹೆಪ್ಪುರಕ್ತ ಅಷ್ಟ. ಗರ್ಭದ ಹಾರ್ಮೋನ್ ನಿಧಾನಕ್ಕ ಇಳಿಯೋದರಿಂದ ನಾಲ್ಕು ವಾರದವರೆಗೂ ಎರಡು ಗೆರೆ ಬರಬಹುದಂತ.

“ಇನ್ನೊಂದು ಮಾತ್ರೆ ಕಿಟ್ ತಗೋರಿ” ಅನ್ನೋ ಸಲಹೆ ಡಾಕ್ಟರ್ ಬ್ಯಾಡಂದ್ರು. ಮಿಫೆಪ್ರಿಸ್ಟೋನ್ ಗರ್ಭ ಹಿಡಿದಿಡೋ ಪ್ರೊಜೆಸ್ಟರಾನ್ ಕೆಲಸ ತಡೀತೈತಿ. 24–48 ತಾಸಿನ ಮ್ಯಾಲೆ ತಗೊಳ್ಳೋ ಮಿಸೊಪ್ರೊಸ್ಟಾಲ್ ಗರ್ಭಕೋಶ ಹಿಂಡಿ ಹೊರಗ ಹಾಕ್ತೈತಿ. ಆ ಕೆಲಸ ಮುಗಿದೈತಿ. ಹೆಪ್ಪು ಕಂಡಮಾತ್ರಕ್ಕ ಕ್ಯೂರೆಟಿಂಗೂ ಬೇಕಿಲ್ಲ, ಜೋರು ರಕ್ತಸ್ರಾವ ಆದ್ರ ಇಲ್ಲಾ ಸೋಂಕು ಇದ್ರ ಮಾತ್ರ ಅದರ ವಿಚಾರ ಮಾಡ್ತಾರ.

ಎರಡನೇ ಮಾತ್ರೆಯಾದ ಮೊದಲ ಕೆಲವು ತಾಸು ರಕ್ತ ಜೋರು, ಗಡ್ಡೆನೂ ಬೀಳ್ತಾವ. ಆಮೇಲೆ ಒಂದೆರಡು ವಾರ ಇಳೀತಾ ಹೋಗಬೇಕು.

ತಾಸಿಗೆ ಎರಡು ದೊಡ್ಡ ಪ್ಯಾಡ್‌ನಂಗ ಸತತ ಎರಡು ತಾಸು ಪೂರ್ತಿ ತೊಯ್ದರ, ತಲೆ ತಿರುಗಿ ಬಿದ್ದರ, ವಾಸನೆಯ ಸ್ರಾವ ಬಂದ್ರ, ಮಿಸೊಪ್ರೊಸ್ಟಾಲ್ ಆಗಿ 24 ತಾಸಿನ ಮ್ಯಾಲೂ 100.4 ಡಿಗ್ರಿ ಜ್ವರ ಇದ್ರ ತಡಮಾಡದ ದವಾಖಾನಿಗೆ ಹೋಗ್ರಿ. 24 ತಾಸಾದ್ರೂ ರಕ್ತನ ಬರದಿದ್ರ, ಇಲ್ಲಾ ಹೊಟ್ಟೆಯ ಒಂದೇ ಬದಿ ಜೋರು ನೋವಿದ್ರ ನಳಿಕೆಯೊಳಗಿನ ಗರ್ಭ ಇರಬಹುದು. ಅದಕ್ಕ ಈ ಮಾತ್ರೆ ನಾಟೂದಿಲ್ಲ.