ಅಪ್‌ಡೇಟ್: 18 ಕಿ.ಮೀ. ಜಾಸ್ತಿಯೇ ಆಗಿತ್ತು

ನನ್ನ ಪ್ರಶ್ನೆ: "30 ಕಿ.ಮೀ. ಲಾಂಗ್ ರನ್‌ನಲ್ಲಿ 18 ಕಿ.ಮೀ. ಮ್ಯಾರಥಾನ್ ವೇಗದಲ್ಲಿ ಓಡಿದೆ. ಗುರುವಾರವೂ ಕಾಲು ಭಾರ. ಆ ವೇಗದ ಓಟ ಎಷ್ಟು ಸೇರಿಸಬೇಕು?"

ನೀವು ಹೇಳಿದಂತೆ 10ಕ್ಕೆ ಇಳಿಸಿದೆ. ಶಿವಮೊಗ್ಗದಿಂದ ಗಾಜನೂರು ರಸ್ತೆಯಲ್ಲಿ ಹೋಗಿ ಬಂದು ಒಟ್ಟು 26 ಕಿ.ಮೀ. ಮೊದಲ 12 ನಿಧಾನ. ಆಮೇಲೆ 5 ಕಿ.ಮೀ. ಮ್ಯಾರಥಾನ್ ವೇಗ (ನನಗದು ಕಿ.ಮೀ.ಗೆ 5:40 ನಿಮಿಷ), 1 ಕಿ.ಮೀ. ಸುಮ್ನೆ ಜಾಗಿಂಗ್, ಮತ್ತೆ 5. ಕೊನೆಯ 3 ನಿಧಾನ.

ಎರಡನೇ ಐದರಲ್ಲಿ ಹೃದಯ ಬಡಿತ ನಾಲ್ಕೈದು ಮಾತ್ರ ಏರಿತು. ಹಿಂದಿನ ಸಲ ಅದೇ ವೇಗಕ್ಕೆ 15 ಏರಿತ್ತು. ಆ ಸಲ ಅಲ್ಲೇ ನಿಲ್ಲಿಸಬೇಕಿತ್ತು, ಅಲ್ವಾ?

ಸೋಮವಾರ ಓಡಲಿಲ್ಲ. ಮಂಗಳವಾರ, ಬುಧವಾರ 6 ಕಿ.ಮೀ. ನಿಧಾನ. ಗುರುವಾರ ಮೆಟ್ಟಿಲು ಇಳಿಯುವಾಗ ತೊಡೆ ನೋಯಲಿಲ್ಲ, ಹಾಗಾಗಿ ಇಂಟರ್ವಲ್ ಮಾಡಿದೆ. ಈ ಭಾನುವಾರ ಪೂರ್ತಿ ನಿಧಾನ. ಅದರ ಮುಂದಿನ ವಾರ ಮ್ಯಾರಥಾನ್ ವೇಗದಲ್ಲಿ 4 ಕಿ.ಮೀ.ನಂತೆ ಮೂರು ಸಲ.